ಕುಸುಬೆ ಎಣ್ಣೆಯ ಹೊಲಿಗೆ

ವೈನಿಯ ಹೊಲಿಗೆಯನ್ನು ಚಾಳದ ಹೆಂಗಸರು ಮೊದಲ ಸಲ ಹೊಗಳಿದಾಗ ನಾನು ಸ್ಟೋವಿನ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಪಕ್ಕದ ಖೋಲಿಯ ಶರಣಕ್ಕ ತನ್ನ ಹೊಸ ಕುಪ್ಪಸವನ್ನು ಒಳಮಗ್ಗುಲಿಗೆ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು, "ಏನ್ ಹೊಲದಾಳ್ರೀ ಅಂಬವ್ವ! ಅಕ್ಕಿಕಾಳು ಸಾಲಿಗೆ ಇಟ್ಟಂಗ ಐತಿ" ಎಂದಳು. ಅದಕ್ಕೆ ಮೊದಲು ಆರು ವರ್ಷ ಆಕೆಯ ಕುಪ್ಪಸಗಳನ್ನೆಲ್ಲ ಹೊಲಿದವಳು ನಾನು. ಆರು ವರ್ಷದಲ್ಲಿ ಒಂದು ಸಲವೂ ಆಕೆ ನನ್ನ ಹೊಲಿಗೆಯನ್ನು ತಿರುಗಿಸಿ ನೋಡಿರಲಿಲ್ಲ.

ವೈನಿ ಎಂದರೆ ನನ್ನ ಅಣ್ಣ ನೀಲಕಂಠಪ್ಪನ ಹೆಂಡತಿ, ಅಂಬವ್ವ. ಧಾರವಾಡದವಳು. ಏಳನೆಯ ಇಯತ್ತೆ ಪಾಸಾಗಿ, ಮೇಲೆ ಒಂದು ವರ್ಷ ಹೊಲಿಗೆ ಕ್ಲಾಸಿಗೂ ಹೋದವಳು. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಅವ್ವ ತೀರಿಕೊಂಡಳು. ಅಪ್ಪನಿಗೆ ದಾದರಿನ ಅರಿವೆ ಅಂಗಡಿಯಲ್ಲಿ ಗುಮಾಸ್ತಿಕೆ, ಅಣ್ಣನಿಗೆ ಕುರ್ಲಾದಲ್ಲಿ ರೈಲ್ವೆ ಕೆಲಸ. ಇಬ್ಬರಿಗೂ ಬೆಳಗಿನ ಲೋಕಲ್‌ಗೆ ಡಬ್ಬಿ ಕಟ್ಟಿಕೊಡಲು ಯಾರಾದರೂ ಬೇಕಿತ್ತು. ಸಾಲೆ ಬಿಡಿಸಿದರು. ಮರುವರ್ಷ ಅಪ್ಪ ದಾದರಿನಲ್ಲಿ ಮನೆ ಖಾಲಿ ಮಾಡುತ್ತಿದ್ದ ಒಬ್ಬ ಪಾರ್ಸಿ ಮುದುಕಿಯಿಂದ ಹೊಲಿಗೆ ಮಶೀನು ಕೊಂಡು ತಂದ. ಕರಿಯ ಮೈ, ಅದರ ಮೇಲೆ ಅರ್ಧ ಅಳಿಸಿದ ಬಂಗಾರದ ಬಳ್ಳಿ, ಕೆಳಗೆ ತುಳಿಯುವ ಕಬ್ಬಿಣದ ಜಾಳಿಗೆ. ಸಯನ್ ಸ್ಟೇಷನ್ನಿನ ಹಿಂದಿನ ನಮ್ಮ ಚಾಳದಲ್ಲಿ ಬೇರೆ ಯಾರ ಖೋಲಿಯಲ್ಲೂ ಮಶೀನು ಇರಲಿಲ್ಲ. ಹಳೆಯ ಕುಪ್ಪಸಗಳ ಹೊಲಿಗೆ ಬಿಚ್ಚಿ, ತುಂಡುಗಳನ್ನು ನೆಲದ ಮೇಲೆ ಹರವಿ, ಅವು ಹೇಗೆ ಸೇರಿದ್ದವು ಎಂದು ನೋಡಿ ನೋಡಿ ನಾನು ಕಲಿತೆ. ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ. ಮಶೀನಿನ ಮುಂದೆ ಮಾತು ಬೇಕಿರಲಿಲ್ಲ.

ವೈನಿ ಬಂದ ಎರಡನೆಯ ವಾರವೇ ಮಶೀನಿನ ಮುಂದೆ ಕುಳಿತಳು. ನಾಲ್ಕು ಹೊಲಿಗೆ ಹಾಕಿದಳು, ನಿಂತಳು, ಬಟ್ಟೆ ತಿರುಗಿಸಿ ನೋಡಿದಳು.

"ರಾಚವ್ವ, ಇದನ್ನ ಕಡೀಕ ಯಾವಾಗ ಬಿಚ್ಚಿದ್ದಿ?"

"ಬಿಚ್ಚೂದಂದ್ರ?"

ಅವಳು ನಕ್ಕಳು. ಟ್ರಂಕಿನಿಂದ ಸಣ್ಣ ಸ್ಕ್ರೂಡ್ರೈವರ್ ತಂದು, ಸೂಜಿ ಇಳಿಯುವ ಉಕ್ಕಿನ ತಗಡಿನ ಎರಡು ಸ್ಕ್ರೂ ತೆಗೆದಳು. ಆಮೇಲೆ ಬಾಗಿಲಿಗೆ ಹೋಗಿ ಖೋಲಿಗಳ ಮುಂದಿನ ಗ್ಯಾಲರಿಯ ಕಡೆ ಕೂಗಿದಳು. "ಶರಣಕ್ಕಾ, ಬರ್ರಿ ಇಲ್ಲಿ, ಒಂದು ತಮಾಷಿ ತೋರಸ್ತೀನಿ."

ಶರಣಕ್ಕ ಬಂದಳು. ಅವಳ ಹಿಂದೆ ಮೂಲೆ ಖೋಲಿಯ ಇನ್ನಿಬ್ಬರು. ವೈನಿ ತಗಡನ್ನು ಎತ್ತಿದಳು. ಅದರ ಕೆಳಗೆ, ಬಟ್ಟೆಯನ್ನು ಒಂದೊಂದೇ ಹೊಲಿಗೆಯಷ್ಟು ಮುಂದಕ್ಕೆ ಎಳೆಯುವ ಸಣ್ಣ ಹಲ್ಲುಗಳಿವೆ. ಆ ಹಲ್ಲುಗಳ ಸಂದಿಯಲ್ಲಿ ಆರು ವರ್ಷದ ಅರಿವೆಯ ಧೂಳು, ದಾರದ ಜುಂಜು, ಎಲ್ಲ ಸೇರಿ ಕಂಬಳಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ಅವಳು ಹೇರ್‌ಪಿನ್ನಿನಿಂದ ಅದನ್ನು ಎಬ್ಬಿಸಿ, ಎರಡು ಬೆರಳಲ್ಲಿ ಹಿಡಿದು, ಬಾಲ ಹಿಡಿದ ಇಲಿಯ ಹಾಗೆ ಎತ್ತಿ ತೋರಿಸಿದಳು.

"ಅಯ್ಯ ನಮ್ಮವ್ವ!" ಎಂದಳು ಶರಣಕ್ಕ. "ನಿನ್ನ ನಾದಿನಿ ಮಶೀನಿನ್ಯಾಗ ಗಾದಿ ತುಂಬಸ್ಯಾಳಲ್ಲ!"

ಎಲ್ಲರೂ ನಕ್ಕರು. ಅಣ್ಣ ಕೂಡ ಪೇಪರಿನ ಹಿಂದೆ ನಕ್ಕ. "ಅದಕ್ಕs ಆಕೀ ಹೊಲಿಗಿ ಕುಂಟತಿತ್ತು, ಒಂದು ಉದ್ದ, ಒಂದು ಗಿಡ್ಡ" ಎಂದ. ನಾನು ಹಿಟ್ಟಿನ ಕೈ ತೊಳೆಯಲು ಖೋಲಿಯ ಮೂಲೆಯ ಮೋರಿಗೆ ಹೋದೆ. ತೊಳೆದಾದ ಮೇಲೂ ತೊಳೆಯುತ್ತಲೇ ನಿಂತೆ.

ಅಂದಿನಿಂದ ಕಿಟಕಿಯ ಕೆಳಗಿನ ಜಾಗ ಅವಳದಾಯಿತು. ಬೇಡವೆಂದು ನನಗೆ ಯಾರೂ ಹೇಳಲಿಲ್ಲ. ಆದರೆ ಚಾಳದವರು ಅರಿವೆ ಹಿಡಿದು ಬಂದರೆ, "ಅಂಬವ್ವ ಅದಾಳೇನು?" ಎಂದು ಕೇಳುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಅವಳು ಸಂತೆಗೆ ಹೋದಾಗ ಮಾತ್ರ ನಾನು ಮಶೀನಿಗೆ ಕೂಡುತ್ತಿದ್ದೆ, ದಿಂಬಿನ ಚೀಲ, ಮಸಿಬಟ್ಟೆ ಅಂಥವನ್ನು ಹೊಲಿಯುತ್ತಿದ್ದೆ.

ಪ್ರತಿ ಸೋಮವಾರ ಮಧ್ಯಾಹ್ನ ಅವಳು ಮಶೀನನ್ನು ಸ್ವಚ್ಛ ಮಾಡುತ್ತಿದ್ದಳು. ನಾನು ಅತ್ತ ತಿರುಗುತ್ತಿರಲಿಲ್ಲ. ನೀರು ತುಂಬಿಟ್ಟ ಹಿತ್ತಾಳೆ ಕೊಡದ ಹೊಳೆಯುವ ಹೊಟ್ಟೆಯಲ್ಲಿ ಅವಳ ಕೈ ಕಾಣುತ್ತಿತ್ತು. ನಾನು ಕಾಳು ಆರಿಸುತ್ತ ಕೊಡ ನೋಡುತ್ತಿದ್ದೆ. ಮೊದಲು ಚಕ್ರ ತಿರುಗಿಸಿ ಸೂಜಿಯನ್ನು ಪೂರ್ತಿ ಮೇಲಕ್ಕೆ ತರುತ್ತಾಳೆ. ಸೂಜಿ ತೆಗೆಯುತ್ತಾಳೆ, ಬಟ್ಟೆ ಒತ್ತಿ ಹಿಡಿಯುವ ಪಾದವನ್ನೂ ತೆಗೆಯುತ್ತಾಳೆ. ಪಕ್ಕದ ತಗಡು ಸರಿಸಿ, ಕೆಳಗಿನ ದಾರ ಸುತ್ತಿದ ಬಾಬಿನ್ನಿನ ಡಬ್ಬಿ ಹೊರಗೆ. ಎರಡು ಚಿಲಕ ಆಚೀಚೆ ಮಾಡಿದರೆ ಒಂದು ಬಳೆ ಬರುತ್ತದೆ, ಅದರ ಹಿಂದೆ, ಮೇಲಿನ ದಾರವನ್ನು ಕೆಳಗಿನದಕ್ಕೆ ಸುತ್ತುವ, ಚಂದ್ರನ ತುಂಡಿನಂಥ ಶಟಲ್ ಬರುತ್ತದೆ. ಅದನ್ನು ಒರೆಸಿ, ಅದು ಓಡಾಡುವ ದುಂಡನೆಯ ಹಾದಿಯನ್ನು ಬ್ರಶ್ಶಿನಿಂದ ಉಜ್ಜಿ, ಅಲ್ಲಿ ಒಂದೇ ಒಂದು ತೊಟ್ಟು ಎಣ್ಣೆ. ಮೈಮೇಲಿನ ತೂತುಗಳಿಗೂ ಒಂದೊಂದೇ ತೊಟ್ಟು. ಮೇಲಿನ ದಾರವನ್ನು ಬಿಗಿ ಹಿಡಿಯುವ ಎರಡು ಬಿಲ್ಲೆಗಳ ನಡುವೆ ಬರಿಯ ಬಟ್ಟೆಚೂರು ಎಳೆಯುತ್ತಾಳೆ, ಅಲ್ಲಿಗೆ ಎಣ್ಣೆ ಮುಟ್ಟಿಸುವುದಿಲ್ಲ. ಕಡೆಗೆ ಚಿಂದಿಯ ಮೇಲೆ ಹೊಲಿಗೆ ಹಾಕುತ್ತ ಹೋಗುತ್ತಾಳೆ, ಚಿಂದಿಗೆ ಎಣ್ಣೆಯ ಕಲೆ ಹತ್ತುವುದು ನಿಲ್ಲುವವರೆಗೆ.

ನನಗೆ ಹೇಳಿಕೊಡು ಎಂದು ನಾನು ಕೇಳಲಿಲ್ಲ. ಬಾ, ತೋರಿಸುತ್ತೇನೆ ಎಂದು ಅವಳು ಕರೆಯಲಿಲ್ಲ. ಎಲ್ಲ ಗುಟ್ಟು ಆ ಎಣ್ಣೆಯ ಬಾಟಲಿಯಲ್ಲಿದೆ ಎಂದು ನಾನು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡೆ. ಬೆರಳುದ್ದದ, ಮೂತಿಯಿದ್ದ ಬಾಟಲಿ. ಕೆಲಸ ಮುಗಿದೊಡನೆ ಅದು ಅವಳ ಟ್ರಂಕಿನೊಳಗೆ ಹೋಗುತ್ತಿತ್ತು.

ಭಾದ್ರಪದ ಮುಗಿಯುವ ಹೊತ್ತಿಗೆ ಕೌಸಲ್ಯಾಬಾಯಿಯ ಮಾತು ಬಂತು. ಅವರು ಮೈಸೂರ ಕಡೆಯವರು, ಸಯನ್ ಸರ್ಕಲ್ಲಿನ ಹತ್ತಿರ ಫ್ಲ್ಯಾಟಿನಲ್ಲಿದ್ದರು. ನಮ್ಮ ಕಡೆಯ ಹುಡುಗಿಯರಿಗೆಂದು ಮಹಿಳಾ ಸಮಾಜದಲ್ಲಿ ವಾರಕ್ಕೆ ಮೂರು ಮಧ್ಯಾಹ್ನ ಹೊಲಿಗೆ ಕಲಿಸುತ್ತಿದ್ದರು. ಹುಡುಗಿಯರು ಹೆಚ್ಚಾದರು, ಕೈಕೆಳಗೆ ಒಬ್ಬರು ಬೇಕಾಗಿತ್ತು. ಶರಣಕ್ಕ ಅವರಿಗೆ ನಮ್ಮ ಮನೆ ಹೇಳಿದ್ದಳು. ಅವರು ಒಂದು ಸಂಜೆ ಬಂದು, ನಮ್ಮ ಚಾಪೆಯ ಮೇಲೆ ಕುಳಿತು, ಚಹಾ ಕುಡಿದು, "ನಿಮ್ಮಲ್ಲಿ ಇಬ್ಬರು ಹೊಲಿತೀರಂತಲ್ಲ? ಇಬ್ಬರೂ ಒಂದೊಂದು ಮಗುವಿನ ಫ್ರಾಕು ಹೊಲಿದು ತನ್ನಿ. ದೀಪಾವಳಿಗೆ ಮೂರು ದಿನ ಮುಂಚೆ ನಾನು ನೋಡ್ತೀನಿ" ಎಂದರು. ಇಬ್ಬರಿಗೂ ಒಂದೇ ಥಾನಿನ ಬಿಳಿ ಅರಿವೆ ಕೊಟ್ಟರು.

ಅವರು ಹೋದ ಮೇಲೆ ಅಣ್ಣ, "ಇಬ್ಬರಂತ! ಯಾಕ ಸುಮ್ಮನ ಆ ಹುಡಿಗಿ ಅರಿವಿ ಹಾಳು ಮಾಡೂದು" ಎಂದ. ಬೈದದ್ದಲ್ಲ, ಪ್ರೀತಿಯಿಂದಲೇ ಅಂದದ್ದು. ವೈನಿ ಅರಿವೆಯ ಮೇಲೆ ಕೈ ಆಡಿಸುತ್ತಿದ್ದಳು, ಆಗಲೇ ಕತ್ತರಿಸಿದ ಹಾಗೆ.

ಆ ಕೆಲಸ ನನಗೆ ಬೇಕಿತ್ತು. ಸಾಲೆ ಬಿಟ್ಟ ಮೇಲೆ ನಾನು ಮನಸಾರೆ ಬಯಸಿದ್ದು ಅದೊಂದೇ. ವಾರಕ್ಕೆ ಮೂರು ಮಧ್ಯಾಹ್ನ ಇಸ್ತ್ರಿ ಮಾಡಿದ ಸೀರೆ ಉಟ್ಟು ಈ ಚಾಳದ ಮೆಟ್ಟಿಲಿಳಿದು ಹೋಗುವುದು. ಅಲ್ಲಿ ಹುಡುಗಿಯರು ಬಟ್ಟೆ ತಂದು, ಇದು ಸರಿಯೇ ಎಂದು ನನ್ನನ್ನು ಕೇಳುವುದು. ಇದನ್ನು ಯಾರ ಮುಂದೆಯೂ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದರು.

ಮದುವೆಯಾದ ಮೇಲಿನ ಮೊದಲ ದಸರೆಗೆ ವೈನಿಯನ್ನು ತವರಿಗೆ ಕರೆದೊಯ್ಯಲು ಅವಳ ತಮ್ಮ ಬಂದ. ಹೋಗುವ ಮುಂಚಿನ ದಿನ ಅವಳು ಮಶೀನು ಸ್ವಚ್ಛ ಮಾಡಿ, ಎಣ್ಣೆ ಹಾಕಿ, ಬಟ್ಟೆ ಹೊದಿಸಿದಳು. "ರಾಚವ್ವ, ನಾ ಬರೋದು ಹದಿನೈದು ದಿನ ಆಗ್ತದ. ಎಣ್ಣಿ ಹಾಕೀನಿ, ಮತ್ತ ಹಾಕೂದು ಬ್ಯಾಡ, ಸಾಕಾಗ್ತದ" ಎಂದಳು. ಬಾಟಲಿ ಟ್ರಂಕಿಗೆ ಹೋಯಿತು. ಟ್ರಂಕಿಗೆ ಬೀಗ ಬಿತ್ತು. ಟ್ರಂಕಿಗೆ ಅವಳು ಯಾವಾಗಲೂ ಬೀಗ ಹಾಕುತ್ತಿದ್ದಳು. ಆದರೆ ಅಂದು ಆ ಬೀಗ ನನಗೋಸ್ಕರ ಬಿದ್ದದ್ದು ಎಂದೇ ನನಗೆ ತೋರಿತು.

ನವಮಿಯ ದಿನ ನಮ್ಮಲ್ಲಿ ಖಂಡೆ ಪೂಜೆ. ದುಡಿಯುವ ಸಾಮಾನುಗಳಿಗೆಲ್ಲ ಪೂಜೆ, ಆ ದಿನ ಅವುಗಳಿಗೆ ವಿಶ್ರಾಂತಿ. ಅಣ್ಣ ತನ್ನ ಸುತ್ತಿಗೆ, ನಟ್ಟು ತಿರುಗಿಸುವ ಪಾನಾಗಳನ್ನು ತೊಳೆದು ಇಟ್ಟ, ಅಪ್ಪ ಅಂಗಡಿಯ ಮೊಳಕೋಲು ತಂದ. ಮಶೀನಿನ ಪೂಜೆ ನನ್ನದು, ಆರು ವರ್ಷದಿಂದಲೂ ನನ್ನದೇ. ಆ ವರ್ಷ ಮನಸ್ಸು ತುಂಬಿ ಮಾಡಿದೆ. ಕರಿಯ ಮೈಗೆ ವಿಭೂತಿ ಎಳೆದೆ, ಚಕ್ರಕ್ಕೆ ಕುಂಕುಮ, ಸೂಜಿಯ ಬುಡಕ್ಕೆ ಕುಂಕುಮ, ತಗಡಿನ ಮೇಲೆ ಭಂಡಾರದ ಅರಿಷಿಣ, ಮೇಲೆ ಚೆಂಡುಹೂ. ಈ ಮಶೀನು ನನ್ನದು ಎಂದು ಅದಕ್ಕೇ ನೆನಪಿಸುವವಳ ಹಾಗೆ ಮುಷ್ಟಿ ಮುಷ್ಟಿ ಹಾಕಿದೆ.

ಮರುದಿನ ಬೆಳಿಗ್ಗೆ, ಅಪ್ಪ ಅಣ್ಣ ಬನ್ನಿ ಕೊಡಲು ಹೊರಗೆ ಹೋದಾಗ, ಹೂ ತೆಗೆದು ಕುಂಕುಮ ಒರೆಸಿದೆ. ಮೇಲಿನದು ಹೋಯಿತು, ತೂತು ಸಂದಿಗಳಿಗೆ ಇಳಿದದ್ದು ಇಳಿದಿತ್ತು. ಆಮೇಲೆ ದೇವರ ಮುಂದಿನ ಎಣ್ಣೆಯ ತಂಬಿಗೆ ಕಣ್ಣಿಗೆ ಬಿತ್ತು. ವಿಜಾಪುರದಿಂದ ಚಿಗವ್ವ ಕಳಿಸಿದ ಕುಸುಬೆ ಎಣ್ಣೆ, ಗಾಣದ್ದು, ಬಂಗಾರದ ಬಣ್ಣದ್ದು. ಅವಳದು ಅಂಗಡಿಯ ನೀರಿನಂಥ ಎಣ್ಣೆ. ನಮ್ಮದು ಗಾಣದ ಎಣ್ಣೆ. ಅವಳು ಒಂದೊಂದು ತೊಟ್ಟು ಹಾಕಿ ಇಷ್ಟು ಓಡಿಸಿದರೆ ನಾನು ಯಾಕೆ ಒಂದು ತೊಟ್ಟಿಗೆ ಜಿಪುಣತನ ಮಾಡಬೇಕು? ಸಣ್ಣ ಸೌಟಿನ ಮೂತಿಯಿಂದ ಪ್ರತಿ ತೂತಿಗೂ ತುಂಬಿ ತುಳುಕುವ ಹಾಗೆ ಬಿಟ್ಟೆ. ಶಟಲ್ಲಿಗೂ ಸುರಿದೆ. ತಗಡು ಬಿಚ್ಚಲಿಲ್ಲ, ಅವಳ ಹಾಗೆ ಬಿಚ್ಚುವುದು ನನಗೆ ಬೇಕಾಗಿರಲಿಲ್ಲ.

ಮಶೀನು ಬೆಣ್ಣೆಯ ಹಾಗೆ ಓಡಿತು. ಕಾಲಿಟ್ಟರೆ ಸಾಕು, ತಾನೇ ಹೋಗುತ್ತಿತ್ತು. ಆ ದಿನ ಮತ್ತು ಮರುದಿನ, ಎರಡು ದಿನದಲ್ಲಿ ಫ್ರಾಕು ಮುಗಿಸಿದೆ. ಕುತ್ತಿಗೆಗೆ ಪಟ್ಟಿ, ಸೊಂಟಕ್ಕೆ ನಿರಿಗೆ. ಹೊಲಿಗೆ ತಿರುಗಿಸಿ ಬೆಳಕಿಗೆ ಹಿಡಿದೆ. ಸಮನಾಗಿತ್ತು. ಅಕ್ಕಿಕಾಳೇ! ನನ್ನ ಕೈ ಎಂದೂ ಕೆಟ್ಟಿರಲಿಲ್ಲ, ಎಣ್ಣೆಯದೇ ಎಲ್ಲ ಎಂದುಕೊಂಡೆ. ಫ್ರಾಕನ್ನು ಮಡಚಿ, ನನ್ನ ಸೀರೆಯ ಕೆಳಗಿಟ್ಟು, ಮಶೀನಿಗೆ ಬಟ್ಟೆ ಹೊದಿಸಿದೆ. ಮತ್ತೆ ಅದನ್ನು ಮುಟ್ಟಲಿಲ್ಲ. ಹಬ್ಬದ ಹೊಲಿಗೆಯವರು ಬಂದರೆ, ವೈನಿ ಬಂದ ಮೇಲೆ ಬನ್ನಿ ಎಂದು ಕಳಿಸಿದೆ. ಅವಳನ್ನೇ ಕೇಳುತ್ತಿದ್ದವರಲ್ಲವೇ!

ಹದಿನೈದು ದಿನ ಎಂದವಳು ಹದಿನೆಂಟನೆಯ ದಿನ ಬಂದಳು. ದಾರಿಯಲ್ಲಿ ಗಾಡಿ ತಡವಾಗಿತ್ತು. ಅಂದು ಸಂಜೆ ಐದಕ್ಕೆ ಫ್ರಾಕು ಒಪ್ಪಿಸಬೇಕು, ಅವಳು ಮನೆ ಮುಟ್ಟಿದ್ದು ಹನ್ನೊಂದಕ್ಕೆ. ಅರಿವೆಯನ್ನು ಧಾರವಾಡದಲ್ಲೇ ಕತ್ತರಿಸಿ, ದಾರದ ಕಚ್ಚಾ ಹೊಲಿಗೆ ಹಾಕಿಕೊಂಡು ಬಂದಿದ್ದಳು. ಸ್ನಾನ ಮಾಡಿದವಳೇ, ಊಟ ಕೂಡ ಬೇಡವೆಂದು, ಮಶೀನಿನ ಬಟ್ಟೆ ಸರಿಸಿ ಕುಳಿತಳು.

ಕಾಲು ಒತ್ತಿದಳು. ಮಶೀನು ಏಳಲಿಲ್ಲ. ಕೈಯಿಂದ ಚಕ್ರ ತಿರುಗಿಸಿ ಮತ್ತೆ ಒತ್ತಿದಳು. ಹೂತ ಬಂಡಿಯ ಹಾಗೆ ನರಳುತ್ತ ಎದ್ದಿತು. ನಾನು ಸ್ಟೋವಿನ ಮುಂದೆ ಕುಳಿತು ಕೊಡದೊಳಗೆ ಅವಳ ಪಾದಗಳನ್ನು ನೋಡುತ್ತಿದ್ದೆ. ಆ ಪಾದಗಳ ಭಾರ ನೋಡಿದ ಕೂಡಲೇ ನನಗೆ ತಿಳಿಯಿತು. ದೇವರ ದೀಪದ ಸಮೆಯ ಕೆಳಗೆ ಚೆಲ್ಲಿದ ಕುಸುಬೆ ಎಣ್ಣೆ ವಾರದಲ್ಲಿ ಅಂಟಾಗುತ್ತದೆ, ಬಿಟ್ಟರೆ ತಿಂಗಳಿಗೆ ಗೋಂದಿನ ಹಾಗೆ ಒಣಗುತ್ತದೆ. ಪ್ರತಿ ಶುಕ್ರವಾರ ಬೂದಿ ಹಚ್ಚಿ ತಿಕ್ಕಿ ತೆಗೆಯುವವಳು ನಾನೇ. ಆದರೂ ಸುರಿಯುವಾಗ ಅದು ನೆನಪಾಗಿರಲಿಲ್ಲ.

"ರಾಚವ್ವ, ಇದಕ್ಕೇನರ ಹಾಕಿದ್ಯಾ?"

"ಇಲ್ಲ ವೈನಿ."

"ಎಣ್ಣಿ ಗಿಣ್ಣಿ?"

"ನೀ ಬ್ಯಾಡ ಅಂದಿದ್ದ್ಯಲ್ಲ. ನನ್ನ ಫ್ರಾಕು ಹೊಲದೆ, ಅಷ್ಟs."

ನನ್ನ ದನಿ ನಡುಗಲಿಲ್ಲ. ಅದು ನನಗೇ ಆಶ್ಚರ್ಯವಾಯಿತು.

ಅವಳು ನನ್ನ ಮಾತು ನಂಬಿದಳು. ಹದಿನೆಂಟು ದಿನದಲ್ಲಿ ಎಣ್ಣೆ ಆರಿರಬೇಕೆಂದು, ಊರಿನಿಂದ ತಂದ ಹೊಸ ಬಾಟಲಿ ತೆಗೆದು ಒಂದೊಂದು ತೊಟ್ಟು ಹಾಕಿದಳು. ಹೋಗುವ ಮುಂಚೆ ತಾನೇ ಸ್ವಚ್ಛ ಮಾಡಿದ್ದಳಲ್ಲ, ತಗಡು ಬಿಚ್ಚುವ ಗೋಜಿಗೆ ಹೋಗಲಿಲ್ಲ, ಹೊತ್ತೂ ಇರಲಿಲ್ಲ. ಸೂಜಿ ಬದಲಿಸಿದಳು. ಮೇಲಿನ ದಾರ ಬಿಗಿ ಮಾಡಿದಳು, ಸಡಿಲು ಮಾಡಿದಳು. ಹೊಲಿಗೆ ಎರಡು ಇಂಚು ನೆಟ್ಟಗೆ ಬಂದು, ಆಮೇಲೆ ಒಂದೇ ಕಡೆ ನಾಲ್ಕು ಕೂಡಿ ಕುಪ್ಪೆಯಾಗುತ್ತಿತ್ತು, ಮತ್ತೆ ಉದ್ದ ಹಾರುತ್ತಿತ್ತು. ಅರಿವೆ ಮುಂದೆ ಸರಿಯದೆ ನಿಲ್ಲುತ್ತಿತ್ತು. ಅವಳು ಬಿಚ್ಚಿದಳು, ಮತ್ತೆ ಹಾಕಿದಳು. ಬಿಚ್ಚಿದಲ್ಲೆಲ್ಲ ಬಿಳಿ ಅರಿವೆಯ ಮೇಲೆ ಸೂಜಿಯ ತೂತು ಉಳಿಯಿತು. ಮೂಗಿನ ತುದಿಯಲ್ಲಿ ಬೆವರು.

ಅಂದು ರಜೆ ಹಾಕಿ ಮನೆಯಲ್ಲಿದ್ದ ಅಣ್ಣ ಊಟಕ್ಕೆ ಕುಳಿತು, "ಏನಾತು ಟೀಚರಮ್ಮ? ತವರುಮನಿ ಹೋಳಿಗಿ ತಿಂದು ಕೈ ಮರ್ತೇನು?" ಎಂದ.

"ಸುಮ್ಮನಿರ್ರಿ ನೀವು!" ಎಂದಳು. ಅವನ ಮೇಲೆ ಅವಳು ದನಿ ಏರಿಸಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ನನಗೆ ಖುಷಿಯಾಯಿತು. ಅದನ್ನು ಇಲ್ಲಿ ಸುಳ್ಳು ಮಾಡಿ ಬರೆಯಲಾರೆ. ಅವಳ ಪಕ್ಕ ಕೂತು ಸತ್ಯ ಹೇಳಿದ್ದರೆ ಇನ್ನೂ ಮೂರು ತಾಸು ಉಳಿದಿತ್ತು. ನಾನು ಬದನೆಕಾಯಿ ಹೆಚ್ಚಿದೆ.

ಐದಕ್ಕೆ ಕೌಸಲ್ಯಾಬಾಯಿಯವರ ಫ್ಲ್ಯಾಟಿನಲ್ಲಿ ಇಬ್ಬರೂ ಮೇಜಿನ ಮೇಲೆ ಫ್ರಾಕು ಇಟ್ಟೆವು. ಅವರು ಎದುರು ಮಗ್ಗುಲು ನೋಡಲೇ ಇಲ್ಲ. ಎರಡನ್ನೂ ತಿರುಗಿಸಿ, ಕನ್ನಡಕ ಏರಿಸಿ, ಹೊಲಿಗೆಯ ಮೇಲೆ ಉಗುರು ಎಳೆದುಕೊಂಡು ಹೋದರು. ವೈನಿಯ ಫ್ರಾಕಿನ ಮೇಲೆ ಉಗುರು ಮೂರು ಕಡೆ ಎಡವಿತು.

"ಇದು ಯಾರದು?" ಎಂದು ನನ್ನದನ್ನು ಎತ್ತಿದರು.

ನಾನು ಬಾಯಿ ಬಿಡಲಿಲ್ಲ. ವೈನಿಯೇ, "ರಾಚವ್ವಂದ್ರಿ" ಎಂದಳು.

"ಚೆನ್ನಾಗಿದೆಯಮ್ಮ. ಇಷ್ಟು ಸಮನಾಗಿ ಹೊಲೀತೀಯ, ಮಾತೇ ಆಡಲ್ವಲ್ಲ! ಆಗಲಿ, ಹುಡುಗಿಯರ ಗಲಾಟೆಗೆ ಅಂಥವರೇ ಸರಿ." ಆಮೇಲೆ ಹೇಳಿದರು, "ನಮ್ಮಲ್ಲಿ ಆರು ಮಶೀನಿವೆ. ಹುಡುಗಿಯರ ಕೈಯಲ್ಲಿ ಅವುಗಳ ಗತಿ ದೇವರಿಗೇ ಪ್ರೀತಿ. ಅವುಗಳನ್ನ ಬಿಚ್ಚಿ ತೊಳೆದು ಇಡೋದು ನಿನ್ನ ಕೆಲಸ. ನಾಳೆ ಬೆಳಿಗ್ಗೆ ನಿಮ್ಮನೆಗೆ ಬರ್ತೀನಿ. ನಿನ್ನ ಮಶೀನನ್ನೇ ಬಿಚ್ಚಿ ತೋರಿಸು, ಸಾಕು."

ಮೆಟ್ಟಿಲಿಳಿಯುವಾಗ ವೈನಿ ಮುಂದೆ, ನಾನು ಹಿಂದೆ. ಅವಳು ಒಮ್ಮೆಯೂ ತಿರುಗಲಿಲ್ಲ. ಮನೆಯಲ್ಲಿ ತನ್ನ ಫ್ರಾಕನ್ನು ಮಡಚದೆ ಟ್ರಂಕಿಗೆ ಎಸೆದಳು. ಅಣ್ಣ, ನಾನು ಆರಿಸಿ ಬಂದೆನೆಂದು ಕೇಳಿ, ನಂಬದೆ ಎರಡು ಸಲ ಕೇಳಿದ. ಅಪ್ಪ ನನ್ನ ತಲೆ ಮೇಲೆ ಕೈಯಿಟ್ಟ. ನಾನು ಮಶೀನಿನ ಕಡೆ ನೋಡುತ್ತಿದ್ದೆ. ಅದರ ಹೊಟ್ಟೆಯಲ್ಲಿ ಏನಿದೆಯೆಂದು ನನಗೊಬ್ಬಳಿಗೇ ಗೊತ್ತಿತ್ತು. ಎಲ್ಲರ ಕಣ್ಣ ಮುಂದೆ ಒಂದೇ ಖೋಲಿ, ಬಚ್ಚಿಟ್ಟು ಸ್ವಚ್ಛ ಮಾಡಲು ಜಾಗವೆಲ್ಲಿ?

ಮರುದಿನ ಹತ್ತಕ್ಕೆ ಕೌಸಲ್ಯಾಬಾಯಿ ಬಂದರು. ಕುರ್ಚಿಯಿಲ್ಲದ ನಮ್ಮ ಮನೆಗೆ ಶರಣಕ್ಕ ತನ್ನ ಸ್ಟೂಲು ತಂದುಕೊಟ್ಟು, ತಾನೂ ಬಾಗಿಲಲ್ಲಿ ನಿಂತಳು. ವೈನಿ ಗೋಡೆಗೆ ಆತುಕೊಂಡು ಕೈ ಕಟ್ಟಿದ್ದಳು.

ನನ್ನ ಕೈಗೆ ಎಲ್ಲ ಗೊತ್ತಿತ್ತು. ಅಷ್ಟು ಸೋಮವಾರ ಕೊಡದೊಳಗೆ ನೋಡಿದ್ದು ವ್ಯರ್ಥವಾಗಿರಲಿಲ್ಲ. ಚಕ್ರ ತಿರುಗಿಸಿ ಸೂಜಿ ಮೇಲಕ್ಕೆ ತಂದೆ. ಸೂಜಿ ತೆಗೆದೆ, ಪಾದ ತೆಗೆದೆ, ಬಾಬಿನ್ನಿನ ಡಬ್ಬಿ ತೆಗೆದೆ. ಚಿಲಕ ಸರಿಸಲು ಹೋದರೆ ಸರಿಯಲಿಲ್ಲ, ಸ್ಕ್ರೂಡ್ರೈವರಿನ ತುದಿಯಿಂದ ತಟ್ಟಬೇಕಾಯಿತು. ವೈನಿ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ನಾನು ಹೀಗೆ ಬಿಚ್ಚುವುದನ್ನು ಅವಳು ಎಂದೂ ನೋಡಿರಲಿಲ್ಲ, ಕಲಿಸಿಯೂ ಇರಲಿಲ್ಲ. ಬಳೆ ಬಂತು, ಶಟಲ್ ಬಂತು. ಅದು ಉಕ್ಕಿನ ಬಣ್ಣದ್ದಲ್ಲ, ಹಳೆಯ ರಕ್ತದ ಬಣ್ಣದ್ದಾಗಿತ್ತು. ಎರಡು ಸ್ಕ್ರೂ ತೆಗೆದು ತಗಡು ಎತ್ತಿದೆ. ಹಲ್ಲುಗಳ ಸಂದಿಯಲ್ಲಿ ಕುಂಕುಮ, ಭಂಡಾರ, ಅರಿವೆಯ ಧೂಳು, ಎಲ್ಲವೂ ಎಣ್ಣೆಯಲ್ಲಿ ಕಲಸಿ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಹಲ್ಲಿನ ತುದಿ ಮಾತ್ರ ಅಷ್ಟಿಷ್ಟು ಹೊರಗೆ. ಅರಿವೆಯನ್ನು ಅವು ಹಿಡಿಯಬೇಕಾದರೂ ಹೇಗೆ?

ಕೌಸಲ್ಯಾಬಾಯಿ ಬಗ್ಗಿ, ಬೆರಳಿಂದ ಮುಟ್ಟಿ, ಮೂಸಿದರು. "ಇದು ಮಶೀನ್ ಎಣ್ಣೆ ಅಲ್ಲ. ತಿನ್ನೋ ಎಣ್ಣೆ. ಯಾರು ಹಾಕಿದ್ದು?"

ವೈನಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಾಗಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವಳು ಹೇಳಲಿಲ್ಲ. ದಯೆಯಿಂದಲ್ಲ, ನಾನು ಏನು ಮಾಡುತ್ತೇನೆ ನೋಡೋಣ ಎಂದು. ಆ ನೋಟವನ್ನು ನಾನು ಬಲ್ಲೆ, ಅದು ನನ್ನದೇ ನೋಟ.

"ಪೂಜಿ ಮಾಡಿದ್ರು ಅನಸ್ತದ್ರಿ, ಅದಕ್ಕ..." ಎಂದು ಶರಣಕ್ಕ ಶುರು ಮಾಡಿದಳು.

"ನಾನs ಹಾಕೀನ್ರಿ" ಎಂದೆ. ನನ್ನ ದನಿ ಎಲ್ಲಿಂದ ಬಂತೋ. "ಖಂಡೆ ಪೂಜಿ ಮರುದಿನ. ಕುಸುಬಿ ಎಣ್ಣಿ. ನಾ ಹೊಲಿಯೂವಾಗ ಹಸೀ ಇತ್ತು, ಚಲೋ ಓಡ್ತು. ವೈನಿ ಹೊಲಿಯೂವಾಗ ಒಣಗಿತ್ತು. ವೈನಿ ಕೇಳಿದ್ಲು. ಹಾಕಿಲ್ಲ ಅಂತ ಸುಳ್ಳು ಹೇಳಿದೆ."

ಶರಣಕ್ಕ ಬಾಯಿಗೆ ಸೆರಗು ಹಿಡಿದಳು. ಕೌಸಲ್ಯಾಬಾಯಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬೈಯುತ್ತಾರೆಂದು ನಾನು ಕಾದೆ.

"ಸ್ಟೋವಿನ ಸೀಮೆಎಣ್ಣೆ ಇದೆಯಾ?" ಎಂದು ಕೇಳಿದರು. "ತನ್ನಿ. ಎರಡು ಫ್ರಾಕೂ ಲೆಕ್ಕಕ್ಕಿಲ್ಲ. ಮೊದಲು ಇದರ ಗಂಟಲು ಬಿಡಿಸಿ."

ವೈನಿ ಸೀಮೆಎಣ್ಣೆ ತಂದಳು. ನಾನು ಹಲ್ಲಿನ ಸಂದಿಯ ಪಾಕವನ್ನು ಕೆರೆದೆ, ಅವಳು ಶಟಲ್ಲನ್ನೂ ಅದರ ಹಾದಿಯನ್ನೂ ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜಿದಳು. ನಮ್ಮ ಮೊಣಕೈ ತಾಗಿದಾಗ ಇಬ್ಬರೂ ಸರಿದುಕೊಂಡೆವು. ಪ್ರತಿ ತೂತಿಗೂ ಸೀಮೆಎಣ್ಣೆ ಬಿಟ್ಟು, ದಾರ ಹಾಕದೆ, ಪಾದ ಎತ್ತಿಟ್ಟು ವೈನಿ ಬರಿಯ ಮಶೀನು ತುಳಿದಳು. ಮೊದಲು ನರಳಿತು, ಆಮೇಲೆ ನಿಧಾನ ಹಗುರಾಯಿತು. ಕೆಳಗಿನಿಂದ ಕಂದುಕೆಂಪು ನೀರು ಇಳಿಯಿತು. ಒರೆಸಿದೆವು, ಮತ್ತೆ ಬಿಟ್ಟೆವು, ಮತ್ತೆ ತುಳಿದಳು. ಇಳಿಯುವುದು ತಿಳಿಯಾದ ಮೇಲೆ ಎಲ್ಲ ಒರೆಸಿ ಒಣಗಿಸಿ, ಬಾಟಲಿಯ ಎಣ್ಣೆ ಒಂದೊಂದೇ ತೊಟ್ಟು.

"ಸೀಮಿಎಣ್ಣಿ ತೊಳಿಯಾಕ ಅಷ್ಟs" ಎಂದಳು ವೈನಿ, ನನ್ನ ಕಡೆ ನೋಡದೆ. "ಅದರ ಮ್ಯಾಲೆ ಎಣ್ಣಿ ಹಾಕಲಿಲ್ಲಂದ್ರ ಕಬ್ಬಿಣ ಕಬ್ಬಿಣ ತಿಕ್ಕಿ ಸವೀತದ." ಮಶೀನಿನ ಬಗ್ಗೆ ಅವಳು ನನಗೆ ಹೇಳಿಕೊಟ್ಟ ಮೊದಲ ಮಾತು ಅದು.

ಚಿಂದಿಯ ಮೇಲೆ ಹೊಲಿದು ಹೊಲಿದು ಕಲೆ ನಿಂತ ಮೇಲೆ, ಕೌಸಲ್ಯಾಬಾಯಿ ತಮ್ಮ ಚೀಲದಿಂದ ಬಿಳಿ ಅರಿವೆಯ ಎರಡು ಪಟ್ಟಿ ತೆಗೆದರು. ಇಬ್ಬರೂ ಒಂದೊಂದು ಮೊಳ ಹೊಲಿಯಬೇಕು. ಮೊದಲು ನಾನು. ಮಶೀನು ಹಗುರವಾಗಿತ್ತು, ಕುಳಿತವಳೇ ಪಟ್ಟಿ ಇಟ್ಟು ತುಳಿದೆ. ಆಮೇಲೆ ವೈನಿ ಕುಳಿತಳು. ಅವಳು ಮೊದಲ ಹೊಲಿಗೆಗೆ ಮುಂಚೆ ಮೇಲಿನ ದಾರದ ತುದಿ, ಕೆಳಗಿನ ದಾರದ ತುದಿ ಎರಡನ್ನೂ ಹಿಂದಕ್ಕೆ ಎಳೆದು ಬೆರಳಲ್ಲಿ ಹಿಡಿದುಕೊಂಡಳು. ಅದು ಕೊಡದಲ್ಲಿ ನನಗೆ ಎಂದೂ ಕಂಡಿರಲಿಲ್ಲ, ಅವಳ ಮೈ ಅಡ್ಡವಿರುತ್ತಿತ್ತು.

ಕೌಸಲ್ಯಾಬಾಯಿ ಎರಡೂ ಪಟ್ಟಿ ತಿರುಗಿಸಿ ಉಗುರು ಎಳೆದರು. ನನ್ನದು ಉದ್ದಕ್ಕೂ ಸಮ, ಆದರೆ ಮೊದಲಲ್ಲೇ ಕೆಳಗಡೆ ದಾರ ಸಿಕ್ಕಾಗಿ ಒಂದು ಸಣ್ಣ ಗೂಡು ಕಟ್ಟಿತ್ತು. ವೈನಿಯದು ಮೊದಲಿಂದ ಕಡೆಯವರೆಗೆ ಒಂದೇ ಗೆರೆ.

"ಬುಧವಾರದಿಂದ ಬಾಮ್ಮ ಅಂಬವ್ವ" ಎಂದರು. ಆಮೇಲೆ ನನ್ನ ಕಡೆ, "ನಿನ್ನ ಕೈ ಕೆಟ್ಟದ್ದಲ್ಲ. ಕೇಳಿದಾಗ ಇಲ್ಲ ಅಂದೆ ನೋಡು, ಅದು ಕೆಟ್ಟದ್ದು. ಅಲ್ಲೊಬ್ಬ ಹುಡುಗಿ ಹೀಗೆ ಬಚ್ಚಿಟ್ಟರೆ ನನ್ನ ಆರು ಮಶೀನೂ ಹೋದವು" ಎಂದು ಚಪ್ಪಲಿ ಮೆಟ್ಟಿದರು.

ಎಂಟು ದಿನ ವೈನಿ ನನ್ನ ಜೊತೆ ಉಪ್ಪು, ನೀರು, ಸೀಮೆಎಣ್ಣೆ ಅಷ್ಟೇ ಮಾತಾಡಿದಳು. ಅಣ್ಣನಿಗೆ ಅವಳು ಏನೂ ಹೇಳಲಿಲ್ಲ, ಶರಣಕ್ಕ ಹೇಳಿದಳು. ಅಣ್ಣ ಅಂದು ಊಟ ಮಾಡುವಾಗ ನನ್ನನ್ನು ನೋಡಲಿಲ್ಲ. ಒಂಬತ್ತನೆಯ ದಿನ ಒಗೆದ ಬಟ್ಟೆ ಗ್ಯಾಲರಿಯಲ್ಲಿ ಹರವುತ್ತಿರುವಾಗ ಅವಳೇ ಕೇಳಿದಳು.

"ಯಾಕ ಸುಳ್ಳು ಹೇಳಿದಿ? ಎಣ್ಣಿ ಹಾಕಿದ್ದು ತಿಳೀದs ಆಗಿತ್ತು ಬಿಡು. ಕೇಳಿದಾಗರ ಹೇಳಬೇಕಿಲ್ಲೇನು?"

"ಹೇಳಿದ್ರ ನೀ ಬಿಚ್ಚಿ ಸ್ವಚ್ಛ ಮಾಡ್ತಿದ್ದಿ" ಎಂದೆ.

ಅವಳು ಸೀರೆಯ ಒಂದು ತುದಿ ಹಿಡಿದು ನಿಂತಳು. ನಾನು ಇನ್ನೊಂದು ತುದಿ ಹಿಡಿದಿದ್ದೆ. "ಹೊಟ್ಟೆಕಿಚ್ಚು" ಎಂದಳು.

"ಹೂಂ."

"ನನಗೂ ಇತ್ತು. ಈ ಮನಿಗೆ ಬಂದಾಗಿಂದ ರಾಚಿ ಮಶೀನು, ರಾಚಿ ಜಾಗಾ, ರಾಚಿ ಹೊಲದದ್ದು. ನಂದು ಅಂತ ಟ್ರಂಕು ಒಂದs." ಸೀರೆ ಕೊಡವಿದಳು, ನೀರು ನನ್ನ ಮುಖಕ್ಕೆ ಹಾರಿತು. "ಆವತ್ತ ಶರಣಕ್ಕನ್ನ ಬೇಕಂತs ಕರದೆ. ಸುಮ್ಮನ ತಗದು ಒಗೀಬಹುದಿತ್ತು."

ಸೀರೆ ಹರವಿ ಒಳಗೆ ಬಂದೆವು.

ಈಗ ಸೋಮವಾರ, ಬುಧವಾರ, ಶುಕ್ರವಾರ ಮಧ್ಯಾಹ್ನ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ಮೆಟ್ಟಿಲಿಳಿಯುತ್ತಾಳೆ. ನಾನು ಗ್ಯಾಲರಿಯಿಂದ ಅವಳು ರಸ್ತೆ ದಾಟುವವರೆಗೆ ನೋಡುತ್ತೇನೆ. ಆಮೇಲೆ ಮಶೀನಿಗೆ ಕೂಡುತ್ತೇನೆ. ಸ್ವಚ್ಛ ಮಾಡುವುದು ಈಗ ನನ್ನ ಕೆಲಸ. ದಾರದ ತುದಿ ಎರಡನ್ನೂ ಹಿಡಿದುಕೊಳ್ಳುತ್ತೇನೆ, ಗೂಡು ಕಟ್ಟುವುದಿಲ್ಲ.

ಮೊನ್ನೆ ಶುಕ್ರವಾರ ಅವಳು ಸಂಜೆ ಬಂದು, ಚಪ್ಪಲಿ ಬಿಡುವ ಮುಂಚೆಯೇ, "ಇವತ್ತ ಹನ್ನೊಂದು ಹುಡುಗ್ಯಾರು ಬಂದಿದ್ರು ರಾಚವ್ವ. ಎಲ್ಲಾರೂ ಎದ್ದು ನಿಂತು ನಮಸ್ತೆ ಟೀಚರ್ ಅಂದ್ರು!" ಎಂದಳು. ಅವಳ ಮುಖ ಹೊಳೆಯುತ್ತಿತ್ತು.

"ಹೌದಾ?" ಎಂದೆ. ಚಹಾ ಸೋಸಿದೆ. ಅಣ್ಣನ ಬಟ್ಟಲಿಗೆ ಎರಡು ಚಮಚ ಸಕ್ಕರೆ ಹಾಕಿದೆ, ಅವಳೂ ಎರಡು ಚಮಚದವಳೇ, ಅವಳದಕ್ಕೆ ಒಂದು. ಅವಳು ಒಂದು ಗುಟುಕು ಕುಡಿದಳು, ನನ್ನನ್ನು ನೋಡಿದಳು, ಸಕ್ಕರೆ ಕೇಳದೆ ಪೂರ್ತಿ ಕುಡಿದಳು.